ಭಾನುವಾರದ ಸೀಮಂತ ಮುಂದಕ್ಕೆ ಹೋದಾಗ

ಮದುವೆ ಸೀಸನ್ನಿನ ಒಂದು ಭಾನುವಾರವನ್ನು ಫೋಟೊಗ್ರಾಫರ್ ಒಬ್ಬರಿಗೆ ಮಾತ್ರ ಕೊಡಬಲ್ಲ. ಆ ದಿನ ಕೆಲಸವಿಲ್ಲದೆ ಹೋದರೆ, ಅದು ಅವನ ಲೆಕ್ಕದಿಂದ ಹೋದಂತೆಯೇ. ಅಡುಗೆ ಕಂಟ್ರಾಕ್ಟರನ ಕಷ್ಟ ಬೇರೆ. ಅವನಿಗೆ ದಿನದ ಜೊತೆಗೆ ತರಕಾರಿ, ಹಾಲು, ಬಡಿಸುವವರ ಕೂಲಿಯೂ ಕೈಬಿಡುತ್ತದೆ. ಮನೆಯಲ್ಲಿ ಯಾರಿಗೋ ಇದ್ದಕ್ಕಿದ್ದಂತೆ ಆಪತ್ತು ಬಂದು ಕಾರ್ಯಕ್ರಮವನ್ನು ಮುಂದೂಡಬೇಕಾದಾಗ ಇವರಿಗೆ ಕಳಿಸುವ ನಾಲ್ಕಾರು ಸಾಲಿನ ಸಂದೇಶಕ್ಕೆ ಬೆಲೆ ಬರುವುದು ಇಲ್ಲಿಯೇ. ಅದರಲ್ಲಿ ಏನಿದೆ, ಅದು ಎಷ್ಟು ಹೊತ್ತಿಗೆ ಹೋಯಿತು ಎನ್ನುವುದರ ಮೇಲೆ ಎರಡೂ ಕಡೆಯ ನಷ್ಟ ನಿಲ್ಲುತ್ತದೆ.

ಹಾಸನದ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮಗಳ ಸೀಮಂತ ನವೆಂಬರ್ 22, ಭಾನುವಾರ. ಬೆಳಿಗ್ಗೆ 10ರಿಂದ 1ರವರೆಗೆ ಫೋಟೊ ಮತ್ತು ವಿಡಿಯೊ; ಒಟ್ಟು 18,000 ರೂಪಾಯಿಗೆ ಮಾತಾಗಿದೆ, 5,000 ಅಡ್ವಾನ್ಸ್ ಕೊಟ್ಟಾಗಿದೆ. ಮಧ್ಯಾಹ್ನ 80 ಜನರ ಊಟಕ್ಕೆ ಅಡುಗೆಯವರನ್ನೂ ಗೊತ್ತುಮಾಡಲಾಗಿದೆ. ಗುರುವಾರ ರಾತ್ರಿ ಮಗಳ ತಂದೆಗೆ ಪಾರ್ಶ್ವವಾಯು ಹೊಡೆದು ಐಸಿಯು ಸೇರಿದ್ದಾರೆ.

ಇಂಥ ರಾತ್ರಿ ಮನೆಯವರಿಗೆ ಫೋಟೊಗ್ರಾಫರನ ನೆನಪು ಬಾರದಿರುವುದು ಸಹಜ. ನೆನಪಾದರೂ ‘ಬೆಳಿಗ್ಗೆ ಡಾಕ್ಟರ್ ಏನು ಹೇಳುತ್ತಾರೋ ನೋಡಿ ತಿಳಿಸೋಣ’ ಎಂದು ಕಾಯುತ್ತಾರೆ. ಕಾಯುವ ಒಂದೊಂದು ಗಂಟೆಗೂ ಎದುರಿನವನ ಕಡೆ ಖರ್ಚು ಏರುತ್ತಿರುತ್ತದೆ. ಅಡುಗೆಯವರ ವಿಷಯದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಶುಕ್ರವಾರ ಬೆಳಿಗ್ಗೆ ಸುದ್ದಿ ಮುಟ್ಟಿದರೆ ಅವರ ಬಳಿ ಇರುವುದು ಹೆಚ್ಚೆಂದರೆ ಅಕ್ಕಿ, ಬೇಳೆ, ಎಣ್ಣೆಯಂಥ ದಿನಸಿ. ಅದು ಮುಂದಿನ ಊಟಕ್ಕೆ ಬರುತ್ತದೆ. ಶನಿವಾರ ಸಂಜೆಗೆ ತರಕಾರಿ ಬಂದಿರುತ್ತದೆ, ಹಾಲು-ಮೊಸರಿಗೆ ಹೇಳಿಯಾಗಿರುತ್ತದೆ, ಬಡಿಸುವವರು ಬೇರೆ ಕಡೆಯ ಕೆಲಸ ಬಿಟ್ಟು ಇವರನ್ನೇ ನಂಬಿ ಕೂತಿರುತ್ತಾರೆ. ರಾತ್ರಿ ಹೋಳಿಗೆಗೆ ಬೇಳೆ ಬೇಯಿಸಿ ಹೂರಣ ಅರೆದಿಟ್ಟ ಮೇಲಂತೂ ಮುಂದೂಡುವುದಕ್ಕೂ ರದ್ದು ಮಾಡುವುದಕ್ಕೂ ಅಡುಗೆಮನೆಯ ಮಟ್ಟಿಗೆ ವ್ಯತ್ಯಾಸವೇ ಉಳಿಯುವುದಿಲ್ಲ. ತಂದೆಯ ಸ್ಥಿತಿ ಏನಾದೀತು ಎನ್ನುವುದು ಶುಕ್ರವಾರ ಬೆಳಿಗ್ಗೆ ತಿಳಿಯದಿರಬಹುದು. ಆದರೆ ಭಾನುವಾರ ಸೀಮಂತ ನಡೆಯುವುದಿಲ್ಲ ಎಂಬುದಷ್ಟು ತಿಳಿದಿರುತ್ತದೆ. ಆ ಹೊತ್ತಿಗೆ ಕಳಿಸಲು ಅಷ್ಟೇ ಸಾಕು.

ಮೊದಲು ಒಂದು ಫೋನು, ಅದರ ಬೆನ್ನಿಗೆ ಬರಹದಲ್ಲಿ ಸಂದೇಶ. ಕಂಟ್ರಾಕ್ಟರು ಬೇರೊಂದು ಮದುವೆಯ ಗದ್ದಲದಲ್ಲಿರಬಹುದು, ವಾಟ್ಸ್ಆ್ಯಪ್ ನೋಡದಿರಬಹುದು. ಫೋನು ಮಾಡುವುದು ಅದಕ್ಕೆ. ಬರಹ ಬೇಕಾಗುವುದು ಆಡಿದ ಮಾತು ಆಮೇಲೆ ಇಬ್ಬರಿಗೂ ಒಂದೇ ರೀತಿ ನೆನಪಿರುವುದಿಲ್ಲವೆಂದು. ಮಗಳ ಅಣ್ಣ ಫೋಟೊಗ್ರಾಫರಿಗೆ ಹೀಗೆ ಬರೆಯಬಹುದು:

“ನಮಸ್ಕಾರ ಸರ್. ತಂಗಿಯ ಸೀಮಂತಕ್ಕೆ ನಿಮ್ಮನ್ನು ಬುಕ್ ಮಾಡಿದ್ದೇವಲ್ಲ, ನವೆಂಬರ್ 22 ಭಾನುವಾರ ಬೆಳಿಗ್ಗೆ 10ರಿಂದ 1, ಹಾಸನದ ನಮ್ಮ ಮನೆಯಲ್ಲಿ. ಅಡ್ವಾನ್ಸ್ 5,000 ಕೊಟ್ಟಿದ್ದೇವೆ. ನಿನ್ನೆ ರಾತ್ರಿ ನಮ್ಮ ತಂದೆಗೆ ಸ್ಟ್ರೋಕ್ ಆಗಿ ಐಸಿಯುನಲ್ಲಿದ್ದಾರೆ. ಭಾನುವಾರ ಸೀಮಂತ ನಡೆಯುವುದಿಲ್ಲ. ಆ ದಿನಕ್ಕೆ ಬೇರೆ ಕೆಲಸ ಬಂದರೆ ದಯವಿಟ್ಟು ಒಪ್ಪಿಕೊಳ್ಳಿ. ನಾವು ರದ್ದು ಮಾಡುತ್ತಿಲ್ಲ, ಮುಂದಕ್ಕೆ ಹಾಕುತ್ತಿದ್ದೇವೆ. ಡಿಸೆಂಬರ್ 2 ಅಥವಾ 9, ಎರಡೂ ಬುಧವಾರ, ನಿಮಗೆ ಬಿಡುವಿದೆಯೇ? ಯಾವ ದಿನ ಎಂಬುದನ್ನು ನವೆಂಬರ್ 27ರ ಸಂಜೆಯೊಳಗೆ ಹೇಳುತ್ತೇವೆ. ಈ ಭಾನುವಾರಕ್ಕೆಂದು ಈಗಾಗಲೇ ಏನಾದರೂ ಖರ್ಚಾಗಿದ್ದರೆ ತಿಳಿಸಿ, ಅದನ್ನು ಕೊಡುತ್ತೇವೆ. ಅಡ್ವಾನ್ಸನ್ನು ಹೊಸ ದಿನಕ್ಕೆ ಹೊಂದಿಸಿಕೊಳ್ಳಲು ಆಗುತ್ತದೆಯೇ? ನಾನು ಆಸ್ಪತ್ರೆಯಲ್ಲಿರುತ್ತೇನೆ. ಇನ್ನು ಈ ವಿಷಯ ನಮ್ಮ ಭಾವ ನೋಡಿಕೊಳ್ಳುತ್ತಾರೆ, ಅವರ ನಂಬರ್ ಕೆಳಗಿದೆ.”

ಇದರಲ್ಲಿ ಎದುರಿನವನಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದ ಸಾಲು ‘ಬೇರೆ ಕೆಲಸ ಬಂದರೆ ಒಪ್ಪಿಕೊಳ್ಳಿ’ ಎನ್ನುವುದು. ಬಹಳ ಜನ ಇದನ್ನು ಬರೆಯುವುದೇ ಇಲ್ಲ. ‘ಭಾನುವಾರ ಕಷ್ಟ ಆಗಬಹುದು, ನೋಡೋಣ’ ಎಂದರೆ ಅವನು ಆ ದಿನವನ್ನು ಇತ್ತ ಬಿಡಲಾರ, ಅತ್ತ ಇಟ್ಟುಕೊಳ್ಳಲಾರ. ದಿನವನ್ನು ಸ್ಪಷ್ಟವಾಗಿ ಬಿಟ್ಟುಕೊಟ್ಟರೆ ಎರಡು ದಿನದಲ್ಲಿ ಅದಕ್ಕೊಂದು ಕೆಲಸ ಸಿಕ್ಕರೂ ಸಿಗಬಹುದು. ಸಿಕ್ಕರೆ ಅವನಿಗೆ ನಷ್ಟವಿಲ್ಲ, ಇವರು ಅಡ್ವಾನ್ಸ್ ಬಗ್ಗೆ ಮಾತಾಡುವುದೂ ಸುಲಭ.

ಹೊಸ ದಿನಕ್ಕೆ ಬುಧವಾರವನ್ನು ಕೇಳಿರುವುದಕ್ಕೂ ಕಾರಣವಿದೆ. ರಜಾದಿನ, ಮುಹೂರ್ತದ ದಿನಗಳು ಮೊದಲೇ ಭರ್ತಿಯಾಗಿರುತ್ತವೆ. ವಾರದ ನಡುವಿನ ದಿನವನ್ನು ಕೇಳಿದರೆ ಫೋಟೊಗ್ರಾಫರ್ ಬೇಗ ಒಪ್ಪುತ್ತಾನೆ, ಹೆಚ್ಚಿಗೆ ಹಣವನ್ನೂ ಕೇಳುವುದಿಲ್ಲ. ಮನೆಯವರ ಕಡೆಯಿಂದಲೂ ಗಡುವಿದೆ. ಸೀಮಂತಕ್ಕೆ ಎಷ್ಟನೇ ತಿಂಗಳು ಸರಿ ಎಂಬುದರಲ್ಲಿ ಒಂದೊಂದು ಮನೆಯದು ಒಂದೊಂದು ಪದ್ಧತಿ. ಏಳನೇ ತಿಂಗಳಲ್ಲಿ ಮಾಡಿ ಎಂಟನೆಯದನ್ನು ಬಿಡುವವರು ಬಹಳ. ಡಿಸೆಂಬರ್ 16ರ ಸುಮಾರಿಗೆ ಧನುರ್ಮಾಸ ಶುರುವಾದರೆ ಅನೇಕರು ಶುಭಕಾರ್ಯ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಇವರ ಕೈಯಲ್ಲಿರುವುದು ಮೂರು ವಾರವಷ್ಟೇ. ಎರಡು ದಿನಾಂಕ ಕೊಟ್ಟು ಕೇಳುವ ಮೊದಲು ಪುರೋಹಿತರನ್ನು ಒಂದು ಮಾತು ಕೇಳಿರಬೇಕು; ಒಪ್ಪಿದ ದಿನವನ್ನು ಮತ್ತೆ ಬದಲಿಸಿದರೆ ಎರಡನೇ ಸಲ ಅದೇ ಔದಾರ್ಯ ಸಿಗುವುದು ಕಷ್ಟ.

ಕಾಯಿಲೆಗೂ ಸಾವಿಗೂ ಇಲ್ಲಿ ದೊಡ್ಡ ವ್ಯತ್ಯಾಸವಿದೆ. ಸಾವಾದಾಗ ನಮ್ಮ ಕಡೆ ಸೂತಕಕ್ಕೆ ಒಂದು ಲೆಕ್ಕವಿರುತ್ತದೆ. ‘ಮನೆಯಲ್ಲಿ ಹೀಗಾಗಿದೆ’ ಎಂದರೆ ಅಡುಗೆಯವರಿಗೂ ಹೂವಿನವರಿಗೂ ವಿವರಿಸಬೇಕಾಗಿಲ್ಲ. ವೈಕುಂಠ ಸಮಾರಾಧನೆ ಮುಗಿಯುವ ತನಕ ಅವರೇ ಕೇಳುವುದಿಲ್ಲ. ಕೆಲವು ಮನೆಗಳಲ್ಲಿ ಹತ್ತಿರದವರು ಹೋದರೆ ವರ್ಷದವರೆಗೆ ಶುಭಕಾರ್ಯವಿಲ್ಲ. ಅಂಥ ಮನೆಯವರು ‘ಮುಂದೂಡುತ್ತೇವೆ’ ಎನ್ನದೆ ‘ರದ್ದು’ ಎಂದೇ ಬರೆಯುವುದು ನ್ಯಾಯ, ಏಕೆಂದರೆ ಸೀಮಂತ ವರ್ಷ ಕಾಯುವುದಿಲ್ಲ. ಕಾಯಿಲೆಗೆ ಇಂಥ ಪಂಚಾಂಗವಿಲ್ಲ. ಐಸಿಯುನಿಂದ ಯಾವಾಗ ಹೊರಬರುತ್ತಾರೆ ಎಂದು ಯಾರೂ ಹೇಳಲಾರರು. ಆದ್ದರಿಂದ ಕಾರ್ಯಕ್ರಮದ ದಿನವನ್ನು ನಿಶ್ಚಯಿಸಲಾಗದಿದ್ದರೂ, ಉತ್ತರ ಹೇಳುವ ದಿನವನ್ನು ನಿಶ್ಚಯಿಸಬಹುದು. ಆ ಸಂದೇಶದಲ್ಲಿರುವ ನವೆಂಬರ್ 27 ಮಾಡುವ ಕೆಲಸ ಅದೇ.

ಕಾರಣ ಎಷ್ಟು ಹೇಳಬೇಕು? ಒಂದು ಸಾಲು ಸಾಕು. ಹಾಸಿಗೆಯ ಮೇಲಿರುವ ತಂದೆಯ ಫೋಟೊ, ಆಸ್ಪತ್ರೆಯ ಚೀಟಿ ಕಳಿಸುವವರಿದ್ದಾರೆ, ಅದು ಬೇಡ. ರೋಗಿಯ ಮಾನಕ್ಕೆ ಅದು ತಕ್ಕದ್ದಲ್ಲ, ಓದುವವನಿಗೂ ಮುಜುಗರ.

ಇನ್ನು ಹಣದ ವಿಷಯ. ‘ನಮ್ಮ ತಪ್ಪಿಲ್ಲವಲ್ಲ, ಅಡ್ವಾನ್ಸ್ ವಾಪಸ್ ಕೊಡಲೇಬೇಕು’ ಎಂದು ಮನೆಯವರು ನಂಬಿರುತ್ತಾರೆ. ‘ಅಡ್ವಾನ್ಸ್ ಯಾವ ಕಾರಣಕ್ಕೂ ಹಿಂದಿರುಗಿಸುವುದಿಲ್ಲ’ ಎಂದು ರಸೀದಿಯಲ್ಲಿ ಅಚ್ಚಾಗಿರುತ್ತದೆ. ಕಾನೂನು ಈ ಎರಡರ ನಡುವೆ ಎಲ್ಲೋ ಇದೆ. 1872ರ ಭಾರತೀಯ ಕರಾರು ಕಾಯ್ದೆಯ 56ನೇ ಕಲಂ ಪ್ರಕಾರ ನೆರವೇರಿಸುವುದೇ ಅಸಾಧ್ಯವಾದ ಕರಾರು ಬಿದ್ದುಹೋಗುತ್ತದೆ. ಆದರೆ ಮನೆಯಲ್ಲೊಬ್ಬರು ಆಸ್ಪತ್ರೆ ಸೇರಿದ್ದರಿಂದ ಫೋಟೊ ತೆಗೆಯುವುದು ಅಸಾಧ್ಯವಾಯಿತು ಎಂದು ವಾದಿಸುವುದು ಸುಲಭವಲ್ಲ. ಫೋಟೊಗ್ರಾಫರ್ ಬರಲು ಸಿದ್ಧನಿದ್ದಾನೆ.

ಆಪರೇಷನ್ ಒಂದರಿಂದ ಕಾರ್ಯಕ್ರಮವೇ ಮುಂದಕ್ಕೆ ಹೋದ ಪ್ರಸಿದ್ಧ ಮೊಕದ್ದಮೆ ಇಂಗ್ಲೆಂಡಿನದು. ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕ 1902ರ ಜೂನ್ 26ಕ್ಕೆ ನಿಗದಿಯಾಗಿತ್ತು. ಎರಡು ದಿನ ಮೊದಲು ಹೊಟ್ಟೆಯೊಳಗಿನ ಬಾವಿಗೆ ಶಸ್ತ್ರಚಿಕಿತ್ಸೆಯಾಗಿ ಅದು ಆಗಸ್ಟ್ 9ಕ್ಕೆ ಹೋಯಿತು. ಮೆರವಣಿಗೆ ನೋಡಲು ಲಂಡನ್ನಿನ ಪಾಲ್ ಮಾಲ್ ಬೀದಿಯಲ್ಲಿ ಹೆನ್ರಿ ಎಂಬಾತ 75 ಪೌಂಡಿಗೆ ಕೋಣೆಗಳನ್ನು ಹಿಡಿದು 25 ಪೌಂಡ್ ಮುಂಗಡ ಕೊಟ್ಟಿದ್ದ. ಉಳಿದ 50 ಪೌಂಡನ್ನು ಅವನು ಕೊಡಬೇಕಾಗಿಲ್ಲ ಎಂದು 1903ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು, ಕಾರಣ ಇಬ್ಬರೂ ನಂಬಿದ್ದ ಮೆರವಣಿಗೆಯೇ ಆ ದಿನ ಇಲ್ಲವಾಗಿತ್ತು. ಕೊಟ್ಟಿದ್ದ ಮುಂಗಡ ಮಾತ್ರ ಹೆನ್ರಿಗೆ ಮರಳಲಿಲ್ಲ. ಊರಿಗೆಲ್ಲ ಸಂಬಂಧಿಸಿದ ಕಾರ್ಯಕ್ರಮದಲ್ಲೇ ಹೀಗಾದರೆ, ಒಂದು ಮನೆಯ ಕಾರಣಕ್ಕೆ ಇದಕ್ಕಿಂತ ಹೆಚ್ಚು ಸಿಗುತ್ತದೆಂದು ಭಾವಿಸುವಂತಿಲ್ಲ.

ಹಾಗೆಂದು ಅಚ್ಚಾದ ಸಾಲೇ ಕೊನೆಯ ಮಾತೂ ಅಲ್ಲ. ಕರಾರು ಮುರಿದಾಗ ಮೊದಲೇ ಬರೆದುಕೊಂಡ ಮೊತ್ತವಿದ್ದರೂ ಸಿಗುವುದು ಆ ಮೊತ್ತವನ್ನು ಮೀರದ, ತಕ್ಕಷ್ಟು ಪರಿಹಾರ ಎನ್ನುತ್ತದೆ 74ನೇ ಕಲಂ. ಸುಪ್ರೀಂ ಕೋರ್ಟು 2015ರ ಕೈಲಾಶ್ ನಾಥ್ ಪ್ರಕರಣದಲ್ಲಿ, ನಷ್ಟವೇ ಆಗಿಲ್ಲದಿದ್ದರೆ ಪರಿಹಾರದ ಮಾತೂ ಇಲ್ಲ ಎಂದು ಸ್ಪಷ್ಟಪಡಿಸಿತು. ಆದರೆ ಐದು ಸಾವಿರಕ್ಕಾಗಿ ಯಾರೂ ಕೋರ್ಟಿಗೆ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಅದೇ ಕಾಯ್ದೆಯ 62 ಮತ್ತು 63ನೇ ಕಲಮುಗಳು ಇಬ್ಬರೂ ಒಪ್ಪಿದರೆ ಕರಾರನ್ನು ಬದಲಿಸಲು, ಸಮಯವನ್ನು ವಿಸ್ತರಿಸಲು ದಾರಿ ಬಿಟ್ಟಿವೆ. ಮುಂದೂಡುವ ಸಂದೇಶ ಕೇಳುವುದು ಈ ಒಪ್ಪಿಗೆಯನ್ನೇ. ಆದ್ದರಿಂದ ಅದನ್ನು ಕಳಿಸಿದ ಮಾತ್ರಕ್ಕೆ ದಿನ ಬದಲಾಗುವುದಿಲ್ಲ. ‘ಆಗಲಿ, ಡಿಸೆಂಬರ್ 9’ ಎಂಬ ಉತ್ತರ ಬಂದಾಗ ಬದಲಾಗುತ್ತದೆ. ನೀಲಿ ಟಿಕ್ ಬಂತೆಂದು ಸುಮ್ಮನಿದ್ದು, ಆಮೇಲೆ ಜಗಳಕ್ಕೆ ಬಿದ್ದವರು ಅನೇಕ.

ಹಾಸನದ ಮನೆಗೆ ಫೋಟೊಗ್ರಾಫರನ ಉತ್ತರ ಹೀಗೆ ಬಂದಿತೆನ್ನೋಣ: ಸಹಾಯಕನಿಗೆ ಕೊಟ್ಟ 1,500 ರೂಪಾಯಿ ಹೋಗಿದೆ, ಬೇರೆ ಖರ್ಚಿಲ್ಲ, ಡಿಸೆಂಬರ್ 9 ಖಾಲಿ ಇದೆ. ಆಗ ಭಾವ ಬರೆಯಬೇಕಾದದ್ದು ಇಷ್ಟು. ಅಡ್ವಾನ್ಸ್ 5,000 ಡಿಸೆಂಬರ್ 9ಕ್ಕೆ ಸಲ್ಲುತ್ತದೆ. ಸಹಾಯಕನ 1,500 ಪ್ರತ್ಯೇಕವಾಗಿ ಕೊಡುತ್ತೇವೆ. ಬಾಕಿ ಮೊದಲಿನಂತೆ 13,000. ಒಂದು ವೇಳೆ ಡಿಸೆಂಬರ್ 5ರೊಳಗೆ ನಾವು ಬೇಡವೆಂದರೆ 1,500 ಕಳೆದು 3,500 ಹಿಂದಿರುಗಿಸಿ. ಈ ಕೊನೆಯ ಸಾಲು ಬರೆಯಲು ಕೈ ಹಿಂಜರಿಯುತ್ತದೆ, ತಂದೆಗೆ ಕೆಟ್ಟದ್ದನ್ನು ಬಯಸಿದಂತೆ ಅನ್ನಿಸುತ್ತದೆ. ಆದರೂ ಬರೆದಿಡಬೇಕು. ಅದು ಬೇಕಾಗುವ ದಿನ ಬಂದರೆ, ಆ ದಿನ ಹಣದ ಬಗ್ಗೆ ಮಾತಾಡುವ ಶಕ್ತಿ ಆ ಮನೆಯಲ್ಲಿ ಯಾರಿಗೂ ಇರುವುದಿಲ್ಲ.

ಅಡುಗೆಯವರ ಜೊತೆ ಲೆಕ್ಕ ಬೇರೆ ರೀತಿ ಇತ್ಯರ್ಥವಾಗುತ್ತದೆ. ಶುಕ್ರವಾರವೇ ತಿಳಿದಿದ್ದರಿಂದ ಅವರಿಗೆ ಹೋದದ್ದು ಏನೂ ಇಲ್ಲದಿರಬಹುದು. ಆದರೆ ಹೊಸ ದಿನ ಬುಧವಾರವಾದರೆ ಬರುವ ನೆಂಟರು ಕಡಿಮೆ. 80 ಎಲೆ 50ಕ್ಕೆ ಇಳಿದರೆ ಎಲೆಗಿಷ್ಟು ಎಂದು ಹೇಳಿದ್ದ ದರದಲ್ಲಿ ಅವರಿಗೆ ಗಿಟ್ಟದೆ ಹೋಗಬಹುದು, ಏಕೆಂದರೆ ಅಡುಗೆ ಭಟ್ಟರ ಕೂಲಿ, ಪಾತ್ರೆ ಸಾಗಿಸುವ ಬಾಡಿಗೆ ಜನ ಕಡಿಮೆಯಾದರೂ ಅಷ್ಟೇ ಇರುತ್ತದೆ. ಜನರ ಸಂಖ್ಯೆ ಬದಲಾಗುತ್ತದೆಯೇ ಎಂಬುದನ್ನೂ ಹೊಸ ದಿನ ಹೇಳುವ ಹೊತ್ತಿಗೇ ಹೇಳಿಬಿಟ್ಟರೆ, ಬಡಿಸುವವರು ಎಷ್ಟು ಸಾಕು, ದರ ಎಷ್ಟಾಗುತ್ತದೆ ಎಂದು ಅವರೂ ಅಂದೇ ತಿಳಿಸಬಲ್ಲರು.