ಒಬ್ಬನೇ ದೊಡ್ಡ ಗ್ರಾಹಕ: ಆರ್ಡರ್ ಹೆಚ್ಚಾದರೆ ಲಾಭವೂ ಹೆಚ್ಚುತ್ತಾ?

ಮಾಣಿಕ ಪ್ರಭುಗಳ ಸಂಸ್ಥಾನ ಇರುವ ಮಾಣಿಕನಗರ ಹುಮನಾಬಾದಿಗೆ ಅಂಟಿಕೊಂಡೇ ಇದೆ. ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ರಾಸಾಯನಿಕ ಮತ್ತು ಔಷಧ ಘಟಕಗಳಿವೆ. ಹೆದ್ದಾರಿ 65 ಹಿಡಿದರೆ ಹೈದರಾಬಾದ್ ಮೂರ್ನಾಲ್ಕು ತಾಸಿನ ದಾರಿ. ದೇಶದ ದೊಡ್ಡ ಔಷಧ ಕಂಪನಿಗಳಲ್ಲಿ ಹಲವು ಅಲ್ಲೇ ಇರೋದರಿಂದ, ಈ ಭಾಗದ ಸಣ್ಣ ಘಟಕವೊಂದಕ್ಕೆ ಅಲ್ಲಿನ ಒಬ್ಬ ದೊಡ್ಡ ಗ್ರಾಹಕ ಸಿಕ್ಕರೆ ಸಾಕು, ವ್ಯಾಪಾರ ನಿಂತುಬಿಡುತ್ತದೆ ಅನ್ನೋ ಲೆಕ್ಕ ಸಹಜ.

ಆ ಲೆಕ್ಕ ಎಲ್ಲಿ ತಪ್ಪುತ್ತದೆ ಅಂತ ನೋಡಲು ಒಂದು ಕಾಲ್ಪನಿಕ ಘಟಕ ತೆಗೆದುಕೊಳ್ಳೋಣ. ಔಷಧದ ಮೂಲವಸ್ತು ತಯಾರಾಗುವ ಮೊದಲಿನ ಹಂತದ ರಾಸಾಯನಿಕ, ಅಂದರೆ ಇಂಟರ್‌ಮೀಡಿಯೇಟ್, ಮಾಡುವ ಘಟಕ ಅದು. ವರ್ಷದ ಮಾರಾಟ 12 ಕೋಟಿ. ಅದರಲ್ಲಿ 8.4 ಕೋಟಿ, ಅಂದರೆ ಶೇ 70, ಹೈದರಾಬಾದಿನ ಒಂದೇ ಕಂಪನಿಗೆ. ಉದ್ರಿ 90 ದಿನ. 100 ರೂಪಾಯಿ ಮಾಲಿಗೆ ಕಚ್ಚಾವಸ್ತು, ಸಾಲ್ವೆಂಟ್, ಕರೆಂಟು, ಸಾಗಣೆ ಸೇರಿ 72 ರೂಪಾಯಿ ಹೋಗುತ್ತದೆ. ಉಳಿಯೋದು 28. ಸಂಬಳ, ಬಾಡಿಗೆ, ಸಾಲದ ಕಂತು ಎಲ್ಲ ಈ 28ರಲ್ಲೇ ಆಗಬೇಕು.

‘ರೇಟ್ ಕಮ್ಮಿ ಮಾಡ್ರಿ, ಮಾಲು ಜಾಸ್ತಿ ತಗೋತೀವಿ’

ಒಂದು ದಿನ ಗ್ರಾಹಕರ ಪರ್ಚೇಸ್ ವಿಭಾಗದಿಂದ ಫೋನು. ‘ಸಾಹುಕಾರ್ರೆ, ರೇಟ್ ಆರು ಪರ್ಸೆಂಟ್ ಕಮ್ಮಿ ಮಾಡ್ರಿ, ಮಾಲು ಮೂವತ್ತು ಪರ್ಸೆಂಟ್ ಜಾಸ್ತಿ ತಗೋತೀವಿ.’ ಕೇಳೋಕೆ ಚೆನ್ನಾಗಿದೆ. ರಿಯಾಕ್ಟರುಗಳಲ್ಲಿ ಜಾಗವೂ ಇದೆ. ಒಪ್ಪಬೇಕಾ?

ಲೆಕ್ಕ ಹಾಕೋಣ. 100 ಇದ್ದ ದರ 94 ಆಯಿತು. ಖರ್ಚು 72 ಹಾಗೇ ಇದೆ, ಉಳಿಕೆ 28ರಿಂದ 22ಕ್ಕೆ ಇಳಿಯಿತು. ಮಾಲು 1.3 ಪಟ್ಟು ಆದಾಗ 22 ಗುಣಿಸು 1.3, ಅಂದರೆ 28.6. ಮೊದಲು 28 ಇತ್ತು. ಇಷ್ಟು ದುಡಿಮೆಗೆ ನೂರಕ್ಕೆ ಸಿಕ್ಕಿದ್ದು 60 ಪೈಸೆ. 8.4 ಕೋಟಿಯ ಮೇಲೆ ಅದು ವರ್ಷಕ್ಕೆ ಸುಮಾರು 5 ಲಕ್ಷ.

ಆ 5 ಲಕ್ಷವೂ ಕೈಗೆ ಬರಲ್ಲ. ಆ ಗ್ರಾಹಕರಿಗೆ ಮಾರಾಟ ಈಗ 10.26 ಕೋಟಿ ಆಗಿದೆ. 90 ದಿನದ ಉದ್ರಿ ಅಂದರೆ ಯಾವಾಗಲೂ ಸುಮಾರು 2.53 ಕೋಟಿ ಅವರ ಹತ್ತಿರ ಬಾಕಿ. ಮೊದಲು 2.07 ಕೋಟಿ ಇತ್ತು. ಹೆಚ್ಚಿದ 46 ಲಕ್ಷವನ್ನು ಬ್ಯಾಂಕಿನಿಂದ ಶೇ 11ರ ಬಡ್ಡಿಗೆ ತಂದರೆ ವರ್ಷಕ್ಕೆ ಮತ್ತದೇ 5 ಲಕ್ಷ. ಉಳಿಕೆ ಸೊನ್ನೆ. ಅದೇ ಹೊತ್ತಿಗೆ ಒಬ್ಬರ ಮೇಲಿನ ಅವಲಂಬನೆ ಶೇ 70ರಿಂದ 74ಕ್ಕೆ ಏರಿತು. ಬಾಕಿ ಇರುವ 2.53 ಕೋಟಿ ಆ ಗ್ರಾಹಕರಿಂದ ಇಡೀ ವರ್ಷ ಬರುವ 2.40 ಕೋಟಿ ಉಳಿಕೆಗಿಂತಲೂ ಹೆಚ್ಚು. ಮಾರಾಟದ ಅಂಕಿ ಬೆಳೆಯಿತು, ವ್ಯಾಪಾರ ಬೆಳೆಯಲಿಲ್ಲ.

ಇನ್ಫೋಸಿಸ್ ‘ಬೇಡ’ ಅಂದದ್ದು ಹೇಗೆ

ಇಂಥದ್ದೇ ಪ್ರಶ್ನೆ 1995ರಲ್ಲಿ ಬೆಂಗಳೂರಿನ ಇನ್ಫೋಸಿಸ್ ಎದುರಿಗೂ ಬಂದಿತ್ತು. ಆಗ ಕಂಪನಿಯ ಆದಾಯದ ಸುಮಾರು ಕಾಲು ಭಾಗ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಿಂದ ಬರುತ್ತಿತ್ತು. ಕರಾರು ನವೀಕರಣದ ಮಾತುಕತೆಯಲ್ಲಿ ಗ್ರಾಹಕರು ಕೇಳಿದ ದರಕ್ಕೆ ಒಪ್ಪಿದರೆ ಮುಂದೆ ಬೆಳೆಯಲು ಬೇಕಾದ ಹಣವೇ ಉಳಿಯೋದಿಲ್ಲ ಅನ್ನೋದು ಸಂಸ್ಥಾಪಕರ ಲೆಕ್ಕ. ಅವರು ಆ ವ್ಯವಹಾರ ಬಿಟ್ಟರು. ಹಾಗಂತ ಕೆಲಸವನ್ನು ನಡುನೀರಲ್ಲಿ ಕೈಬಿಡಲಿಲ್ಲ, ಗ್ರಾಹಕರು ಆರಿಸುವ ಬೇರೆ ಕಂಪನಿಗೆ ಸರಿಯಾಗಿ ಹಸ್ತಾಂತರಿಸುವ ಮಾತು ಕೊಟ್ಟರು. ಆಮೇಲೆ ಒಬ್ಬ ಗ್ರಾಹಕ, ಒಂದು ದೇಶ, ಒಂದು ತಂತ್ರಜ್ಞಾನದ ಮೇಲೆ ಅತಿಯಾಗಿ ನಿಲ್ಲದಂತೆ ನೋಡಿಕೊಳ್ಳಲು ಕಂಪನಿಯೊಳಗೇ ಒಂದು ಸಮಿತಿ ಮಾಡಿಕೊಂಡರು. ಮೊದಲ ಐದು, ಹತ್ತು ದೊಡ್ಡ ಗ್ರಾಹಕರಿಂದ ಎಷ್ಟು ಪಾಲು ಆದಾಯ ಬರುತ್ತದೆ ಅನ್ನೋದು ಕಂಪನಿ ಪ್ರಕಟಿಸುವ ಅಂಕಿಗಳಲ್ಲೇ ಇರುತ್ತದೆ.

ಈ ಕಥೆ ಕೇಳಿ ನಮ್ಮ ಹುಮನಾಬಾದಿನ ಘಟಕವೂ ‘ಆಗಲ್ಲ’ ಅಂದುಬಿಡಬಹುದಾ? ಅನ್ನೋಕಾಗಲ್ಲ. ಇನ್ಫೋಸಿಸ್‌ಗೆ ಉಳಿದ ಮುಕ್ಕಾಲು ಪಾಲು ಆದಾಯ ಬೇರೆ ಕಡೆಯಿಂದ ಬರುತ್ತಿತ್ತು. ಆ ಪ್ರಾಜೆಕ್ಟಿನ ಎಂಜಿನಿಯರುಗಳನ್ನು ಇನ್ನೊಂದು ಪ್ರಾಜೆಕ್ಟಿಗೆ ಹಾಕಬಹುದಿತ್ತು. ಔಷಧದ ಸರಬರಾಜಿನಲ್ಲಿ ಹಾಗೆ ಆಗುವುದಿಲ್ಲ.

ನಿಜವಾದ ಅಪಾಯ ಎಷ್ಟು ತಿಂಗಳದ್ದು?

ಔಷಧ ಕಂಪನಿ ಹೊಸ ಸರಬರಾಜುದಾರನನ್ನು ಒಂದೇ ದಿನದಲ್ಲಿ ಒಪ್ಪುವುದಿಲ್ಲ. ಮೊದಲು ಸ್ಯಾಂಪಲ್ ಹೋಗಬೇಕು, ಅವರ ಲ್ಯಾಬಿನಲ್ಲಿ ಅದು ಪಾಸಾಗಬೇಕು. ಆಮೇಲೆ ಗುಣಮಟ್ಟ ವಿಭಾಗದವರು ಬಂದು ಘಟಕದ ಆಡಿಟ್ ಮಾಡುತ್ತಾರೆ. ನಂತರ ಸಾಮಾನ್ಯವಾಗಿ ಮೂರು ಬ್ಯಾಚ್ ಮಾಡಿ, ಮೂರೂ ಒಂದೇ ಥರ ಬರುತ್ತವೆ ಅಂತ ತೋರಿಸಬೇಕು. ಆ ಮಾಲಿನಿಂದ ಮಾಡಿದ ಮೂಲವಸ್ತು ತಿಂಗಳುಗಟ್ಟಲೆ ಕೆಡದೆ ಇರುತ್ತದೆಯೇ ಅಂತ ಅವರು ನೋಡಬೇಕು. ಮೂಲ ಬದಲಾದದ್ದನ್ನು ನಿಯಂತ್ರಣ ಸಂಸ್ಥೆಗೆ ತಿಳಿಸಬೇಕಾದರೆ ಅದಕ್ಕೆ ಬೇರೆ ಸಮಯ. ಇದೆಲ್ಲ ಸೇರಿ 18 ತಿಂಗಳು ಅಂದುಕೊಳ್ಳಿ.

ಹಾಗಾದರೆ ಕೇಳಬೇಕಾದ ಪ್ರಶ್ನೆ ‘ಶೇ 70 ಜಾಸ್ತಿಯೋ ಕಮ್ಮಿಯೋ’ ಅನ್ನೋದಲ್ಲ. ಗ್ರಾಹಕರು ಆರ್ಡರ್ ನಿಲ್ಲಿಸುವ ಮೊದಲು ಎಷ್ಟು ತಿಂಗಳು ಮುಂಚೆ ಹೇಳುತ್ತಾರೆ, ಆ ಜಾಗ ತುಂಬಲು ನಮಗೆ ಎಷ್ಟು ತಿಂಗಳು ಬೇಕು? ನಮ್ಮ ಘಟಕಕ್ಕೆ 3 ತಿಂಗಳ ನೋಟಿಸ್ ಇದೆ ಅಂದುಕೊಂಡರೆ ಅಂತರ 15 ತಿಂಗಳು. ವರ್ಷದ ಸ್ಥಿರ ಖರ್ಚು 2.7 ಕೋಟಿ, ಉಳಿದ ಗ್ರಾಹಕರ 3.6 ಕೋಟಿ ಮಾರಾಟದಿಂದ ಬರುವ ಉಳಿಕೆ ಸುಮಾರು 1 ಕೋಟಿ. ತಿಂಗಳಿಗೆ 14 ಲಕ್ಷ ಕೈಯಿಂದ ಹೋಗುತ್ತದೆ. 15 ತಿಂಗಳಿಗೆ 2.1 ಕೋಟಿ. ಈ ಅವಲಂಬನೆಯ ಬೆಲೆ ಇದೇ. ಅಷ್ಟು ಹಣವಾಗಲಿ, ಸಾಲದ ಮಿತಿಯಾಗಲಿ ಇದ್ದರೆ ಘಟಕ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ನೋಟಿಸ್ ಉದ್ದ ಇದ್ದರೂ ಸಾಲದೇ ಹೋಗಬಹುದು. ಬ್ರಿಟನ್ನಿನ ಇಮ್ಯಾಜಿನೇಷನ್ ಟೆಕ್ನಾಲಜೀಸ್ ಐಫೋನಿನ ಗ್ರಾಫಿಕ್ಸ್ ಚಿಪ್ ವಿನ್ಯಾಸ ಕೊಡುತ್ತಿತ್ತು, ಆದಾಯದ ಸುಮಾರು ಅರ್ಧ ಆಪಲ್‌ನದು. ಇನ್ನು 15ರಿಂದ 24 ತಿಂಗಳಲ್ಲಿ ನಿಮ್ಮ ವಿನ್ಯಾಸ ಬಳಸುವುದಿಲ್ಲ ಅಂತ ಆಪಲ್ ತಿಳಿಸಿದ್ದು 2017ರ ಏಪ್ರಿಲ್‌ನಲ್ಲಿ ಬಹಿರಂಗವಾಯಿತು. ಷೇರು ಬೆಲೆ ಒಂದೇ ದಿನದಲ್ಲಿ ಅರ್ಧಕ್ಕಿಂತ ಹೆಚ್ಚು ಕುಸಿಯಿತು. ಅದೇ ವರ್ಷ ಕಂಪನಿ ಮಾರಾಟವಾಯಿತು.

ಒಪ್ಪಿಕೊಳ್ಳಿ, ಆದರೆ ಹೀಗೆ

ಆ ಫೋನಿಗೆ ಉತ್ತರ ‘ಆಗಲಿ’ಯೂ ಅಲ್ಲ, ‘ಆಗಲ್ಲ’ವೂ ಅಲ್ಲ. ‘ಹೆಚ್ಚಿನ ಮಾಲಿಗೆ ಮಾತ್ರ ಆರು ಪರ್ಸೆಂಟ್ ಕಮ್ಮಿ ಮಾಡ್ತೀವಿ. ಉದ್ರಿ 60 ದಿನ ಮಾಡ್ರಿ’ ಅನ್ನಬಹುದು. ಲೆಕ್ಕ ಪೂರ್ತಿ ಬದಲಾಗುತ್ತದೆ. ಹಳೆಯ ಮಾಲಿನ ಮೇಲೆ 28 ಹಾಗೇ ಇದೆ, ಹೊಸ 30ರ ಮೇಲೆ 6.6 ಸೇರಿತು. ವರ್ಷಕ್ಕೆ 55 ಲಕ್ಷ ಹೆಚ್ಚುವರಿ ಉಳಿಕೆ. ಬಾಕಿ 2.07 ಕೋಟಿಯಿಂದ 1.77 ಕೋಟಿಗೆ ಇಳಿಯುತ್ತದೆ.

ಇದರ ಜೊತೆ ಎರಡು ಮಾತು ಬರವಣಿಗೆಯಲ್ಲಿ ಬೇಕು. ಒಂದು, ನಿಲ್ಲಿಸುವುದಾದರೆ ಆರು ತಿಂಗಳ ನೋಟಿಸ್. ಎರಡು, ಅವರ ಅಂದಾಜು ನಂಬಿ ತರಿಸಿದ, ಬೇರೆ ಯಾರಿಗೂ ಉಪಯೋಗವಾಗದ ಕಚ್ಚಾವಸ್ತು ಮತ್ತು ತಯಾರಾದ ಮಾಲನ್ನು ಅವರೇ ಎತ್ತಬೇಕು. ದರದಲ್ಲಿ ಬಿಗಿಯಾಗಿರುವ ಗ್ರಾಹಕರು ಇಂಥದ್ದಕ್ಕೆ ಒಪ್ಪಬಹುದು, ಯಾಕೆಂದರೆ ಇದರಿಂದ ಅವರಿಗೆ ಇವತ್ತು ಏನೂ ಖರ್ಚಿಲ್ಲ. ನಿಮ್ಮ ಕೈಯಲ್ಲೂ ಒಂದು ಬಲ ಇದೆ: ಹೊಸಬರನ್ನು ಒಪ್ಪಿಸಿಕೊಳ್ಳಲು ಅವರಿಗೂ ಅಷ್ಟೇ ತಿಂಗಳು ಬೇಕು. ಆದರೆ ಅವರ ಹತ್ತಿರ ಎರಡನೇ ಸರಬರಾಜುದಾರ ಈಗಾಗಲೇ ಪಾಸಾಗಿ ಕೂತಿದ್ದರೆ ಆ ಬಲ ಇಲ್ಲ.

ಉದ್ರಿಯ ವಿಷಯದಲ್ಲಿ ಕಾನೂನು ಇನ್ನೂ ಮುಂದೆ ಹೋಗಿದೆ. ಉದ್ಯಮ್ ನೋಂದಣಿ ಇರುವ ಸಣ್ಣ ಘಟಕಕ್ಕೆ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ 45 ದಿನದೊಳಗೆ ಹಣ ಕೊಡಬೇಕು. ಈ ಅವಧಿ ಮೀರಿ ಉಳಿದ ಬಾಕಿಯನ್ನು, ಹಣ ಕೊಡುವ ತನಕ ಕೊಂಡವರು ಆದಾಯ ತೆರಿಗೆಯಲ್ಲಿ ಖರ್ಚಾಗಿ ತೋರಿಸಲು ಆಗುವುದಿಲ್ಲ ಅನ್ನೋ ನಿಯಮ 2024ರ ಏಪ್ರಿಲ್‌ನಿಂದ ಇದೆ. ಆದರೆ ಶೇ 70 ವ್ಯಾಪಾರ ಕೊಡುವವರ ಮೇಲೆ ಯಾರು ದೂರು ಕೊಡ್ತಾರೆ? ಆ ಸಂಕೋಚಕ್ಕೆ ಒಂದು ದಾರಿ ಟ್ರೆಡ್ಸ್. ಗ್ರಾಹಕರು ಬಿಲ್ ಒಪ್ಪಿದ ಮೇಲೆ ಬ್ಯಾಂಕುಗಳು ಅದನ್ನು ಹರಾಜಿನಲ್ಲಿ ಕೊಂಡು ನಿಮಗೆ ಮೊದಲೇ ಹಣ ಕೊಡುತ್ತವೆ, ಗ್ರಾಹಕರು ಕೊಡದಿದ್ದರೆ ನಿಮ್ಮನ್ನು ಕೇಳುವುದಿಲ್ಲ. ಬಡ್ಡಿಯೂ ದೊಡ್ಡ ಕಂಪನಿಯ ಯೋಗ್ಯತೆ ನೋಡಿ ನಿಗದಿಯಾಗುತ್ತದೆ. ಒಂದೇ ಷರತ್ತು, ಆ ಗ್ರಾಹಕರೂ ಟ್ರೆಡ್ಸ್‌ನಲ್ಲಿ ಇರಬೇಕು.

55 ಲಕ್ಷ ಎಲ್ಲಿ ಹೋಗಬೇಕು

ಇಷ್ಟೆಲ್ಲ ಮಾಡಿದರೂ ಅವಲಂಬನೆ ಶೇ 75ಕ್ಕೆ ಏರಿರುತ್ತದೆ. ಅದಕ್ಕೇ ಹೆಚ್ಚುವರಿ ಬಂದ 55 ಲಕ್ಷದಲ್ಲಿ ಒಂದು ಪಾಲು ಎರಡನೇ ಗ್ರಾಹಕನ ಸ್ಯಾಂಪಲ್, ಆಡಿಟ್, ಮೂರು ಬ್ಯಾಚುಗಳಿಗೆ ಅಂತ ಮೊದಲೇ ತೆಗೆದಿಡಬೇಕು, ಅದಕ್ಕೆ ಒಂದು ರಿಯಾಕ್ಟರಿನ ಕೆಲವು ದಿನಗಳನ್ನೂ ಕಾದಿರಿಸಬೇಕು. ದೊಡ್ಡ ಗ್ರಾಹಕರ ಆರ್ಡರ್ ತುರ್ತು ಬಂದಾಗಲೆಲ್ಲ ಮೊದಲು ಬಲಿಯಾಗೋದು ಈ ದಿನಗಳೇ.

ಎರಡನೇ ಗ್ರಾಹಕನನ್ನು ಹುಡುಕುವಾಗ ಒಂದು ಎಚ್ಚರ ಬೇಕು. ಅದೇ ಔಷಧ ಮಾಡುವ ಇನ್ನೊಂದು ಕಂಪನಿಗೆ ಅದೇ ಮಾಲು ಕೊಟ್ಟರೆ ಗ್ರಾಹಕರು ಇಬ್ಬರಾದರೂ ಅಪಾಯ ಒಂದೇ. ಆ ಔಷಧದ ಬೇಡಿಕೆ ಬಿದ್ದ ದಿನ ಇಬ್ಬರೂ ಹೋಗುತ್ತಾರೆ. ಮೊದಲ ಗ್ರಾಹಕರು ಕೊಟ್ಟ ವಿಧಾನ ಬಳಸಿದ್ದರೆ ಗೌಪ್ಯತೆಯ ಕರಾರೂ ಅಡ್ಡ ಬರುತ್ತದೆ. ಮಾರಬೇಕಾದ್ದು ಮಾಲನ್ನಲ್ಲ, ನಿಮಗೆ ಗೊತ್ತಿರುವ ಕ್ರಿಯೆಯನ್ನು. ಕ್ಲೋರಿನೇಷನ್ ಚೆನ್ನಾಗಿ ಬರುವ ಘಟಕ ಅದೇ ರಿಯಾಕ್ಟರಿನಲ್ಲಿ, ಕ್ಲೋರಿನೇಷನ್ ಬೇಕಿರುವ ಬೇರೆ ಔಷಧದ ಇಂಟರ್‌ಮೀಡಿಯೇಟ್ ಮಾಡಬಹುದು.

ದೊಡ್ಡ ಗ್ರಾಹಕರು ಹೊರಡುವ ಸುಳಿವು ಪರ್ಚೇಸ್ ವಿಭಾಗದಿಂದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಮುಂದಿನ ಮೂರು ತಿಂಗಳ ಅಂದಾಜು ಕೊಡುತ್ತಿದ್ದವರು ಒಂದೊಂದೇ ತಿಂಗಳದ್ದು ಕೊಡಲು ಶುರು ಮಾಡುವುದು, ದೊಡ್ಡ ಆರ್ಡರ್ ಸಣ್ಣ ಲಾಟುಗಳಾಗಿ ಒಡೆಯುವುದು, ಅವರ ಲ್ಯಾಬಿನಲ್ಲಿ ಇನ್ನೊಬ್ಬರ ಸ್ಯಾಂಪಲ್ ಪರೀಕ್ಷೆಯಾಗುವುದು ಅದಕ್ಕಿಂತ ಮುಂಚಿನ ಗುರುತುಗಳು. ಲ್ಯಾಬಿನ ಆ ಸುದ್ದಿ ಪರ್ಚೇಸ್‌ನವರು ಹೇಳಲ್ಲ. ಅವರ ಗುಣಮಟ್ಟ ವಿಭಾಗ, ಉತ್ಪಾದನೆಯ ಯೋಜನೆ ಮಾಡುವವರು, ಲೆಕ್ಕಪತ್ರದವರು, ಈ ಮೂರೂ ಕಡೆ ನಿಮ್ಮ ಘಟಕದ ಒಬ್ಬೊಬ್ಬರಿಗೆ ನೇರ ಮಾತುಕತೆ ಇರಬೇಕು. ಒಬ್ಬ ಪರ್ಚೇಸ್ ಮ್ಯಾನೇಜರ್ ಬದಲಾದ ಕೂಡಲೇ ಸಂಬಂಧವೇ ಕಳಚಿಕೊಳ್ಳುವುದಾದರೆ, ನೀವು ಅವಲಂಬಿಸಿರೋದು ಒಂದು ಕಂಪನಿಯನ್ನಲ್ಲ, ಒಬ್ಬ ಮನುಷ್ಯನನ್ನು.

ಮೂರು ತಿಂಗಳಿಗೊಮ್ಮೆ ಒಂದು ಹಾಳೆಯಲ್ಲಿ ಮೂರು ಅಂಕಿ ಬರೆದಿಟ್ಟರೆ ಸಾಕು: ದೊಡ್ಡ ಗ್ರಾಹಕರಿಂದ ಬರಬೇಕಾದ ಬಾಕಿ, ಅವರು ಹೋದರೆ ಜಾಗ ತುಂಬಲು ಬೇಕಾದ ತಿಂಗಳು, ಆ ತಿಂಗಳುಗಳಿಗೆ ಬೇಕಾಗುವ ಹಣ. ಅವರ ಮಾರಾಟದ ಪಾಲು ಶೇ 75 ಇದ್ದರೂ ಈ ಮೂರೂ ಇಳಿಯುತ್ತಿದ್ದರೆ ಅದು ಬೆಳವಣಿಗೆ. ಮಾರಾಟ ಏರಿ ಈ ಮೂರೂ ಏರುತ್ತಿದ್ದರೆ, ಮುಂದಿನ ಸಲ ಫೋನ್ ಬಂದಾಗ ದರ ಹೇಳುವವರು ನೀವಾಗಿರಲ್ಲ.