ವಲಯ ಬದಲಾದರೆ ತೆರಿಗೆ ಏಕೆ ಏರುತ್ತದೆ?

ಪ್ರಶ್ನೆ: ಬೆಂಗಳೂರಿನ ಫ್ಲ್ಯಾಟಿಗೆ ಆಸ್ತಿ ತೆರಿಗೆ ಪರಿಷ್ಕರಣೆಯ ನೋಟಿಸು ಬಂದಿದ್ದು, ವಲಯ ಬದಲಾಗಿದೆಯೆಂದು ನಿವಾಸಿಗಳ ಸಂಘದ ಸಭೆಯಲ್ಲಿ ತಿಳಿಸಿದರು. ಹೊಸ ಮೊತ್ತ ಹೇಗೆ ಬಂತು? – ಓದುಗರು, ತೊಂಡೇಬಾವಿ

ಉತ್ತರ: ಬಿಬಿಎಂಪಿ 2008ರಲ್ಲಿ ತಂದ ಘಟಕ ಪ್ರದೇಶ ಮೌಲ್ಯ ಪದ್ಧತಿಯಲ್ಲಿ, ನೋಂದಣಿಗೆ ಸರ್ಕಾರ ಗೊತ್ತುಪಡಿಸುವ ಮಾರ್ಗಸೂಚಿ ಬೆಲೆಯನ್ನು ಆಧರಿಸಿ ಬೀದಿಗಳನ್ನು ಎ ಯಿಂದ ಎಫ್‌ವರೆಗಿನ ವಲಯಗಳಾಗಿ ವಿಂಗಡಿಸಿ, ಪ್ರತಿ ಚದರಡಿಗೆ ಮಾಸಿಕ ದರ ನಿಗದಿಪಡಿಸಲಾಗಿತ್ತು. 2016ರ ಪರಿಷ್ಕರಣೆಯಲ್ಲಿ ಮಾಲೀಕರೇ ವಾಸಿಸುವ ತಾರಸಿ ಮನೆಗೆ ಡಿ ವಲಯದಲ್ಲಿ 1.60, ಸಿ ವಲಯದಲ್ಲಿ 1.80 ರೂಪಾಯಿ ದರವಿದ್ದು, ಸಾವಿರ ಚದರಡಿಯನ್ನು ಈ ದರದಿಂದಲೂ ಹತ್ತು ತಿಂಗಳಿಂದಲೂ ಗುಣಿಸಿ ಬಂದ ಮೊತ್ತದ ಶೇ 20ರಷ್ಟನ್ನು ಲೆಕ್ಕ ಹಾಕಿದರೆ, ಸವಕಳಿ ಮತ್ತು ಉಪಕರಕ್ಕೆ ಮುಂಚಿನ ತೆರಿಗೆ 3,200ರಿಂದ 3,600 ರೂಪಾಯಿಗೆ ಏರುತ್ತದೆ. ಹಳೆಯ ವಲಯದಲ್ಲೇ ಕಟ್ಟುತ್ತಿದ್ದವರಿಗೆ ವರ್ಷಗಳ ಬಳಿಕ ವ್ಯತ್ಯಾಸ, ದಂಡ, ಬಡ್ಡಿ ಸೇರಿದ ನೋಟಿಸುಗಳು ಬಂದದ್ದು ಕಠಿಣವೇ ಸರಿ. ಆದ್ದರಿಂದ ನೋಟಿಸಿನಲ್ಲಿ ಬೀದಿಯ ಹೆಸರು, ವಲಯ, ವಿಸ್ತೀರ್ಣಗಳನ್ನು ಮೊದಲು ತಾಳೆ ನೋಡಬೇಕು.