ತಳ ತಿರುಗಿಸಿದರೆ ಬಾಯಿ ಬಿಡುವ ಕುಕ್ಕರ್

ಕುಕ್ಕರನ್ನು ಬೋರಲು ಹಾಕಿ. ಮೊಬೈಲಿನ ಟಾರ್ಚನ್ನು ಮೇಲಿಂದ ಬಿಡಬೇಡಿ, ಪಕ್ಕದಿಂದ, ಲೋಹಕ್ಕೆ ಇನ್ನೇನು ತಾಗಿತು ಎನ್ನುವಷ್ಟು ಅಡ್ಡಡ್ಡವಾಗಿ ಹಿಡಿಯಿರಿ. ಅಬ್ಬಾ! ಅಲ್ಲಿಯವರೆಗೆ ಮಂಕಾಗಿದ್ದ ಅಕ್ಷರಗಳೆಲ್ಲ ಎದ್ದು ಕೂರುತ್ತವೆ. ಅಚ್ಚು ಹೊಡೆದ ಮುದ್ರೆಯಾದರೆ ಪ್ರತಿ ಅಕ್ಷರದ ಒಂದು ಅಂಚು ಹೊಳೆಯುತ್ತದೆ, ಎದುರಿನ ಅಂಚಿನಲ್ಲಿ ಕೂದಲೆಳೆಯಷ್ಟು ನೆರಳು ಬೀಳುತ್ತದೆ. ಬರೀ ಮಸಿಯಾದರೆ ನೆರಳೇ ಇಲ್ಲ.

ಇದನ್ನು ಮೊದಲು ಕಂಡದ್ದು ಕಬ್ಬಾಳಿನಲ್ಲಿ, ಕಬ್ಬಾಳಮ್ಮನ ಗುಡಿಯ ದಾರಿಯ ಒಂದು ಪಾತ್ರೆ ಅಂಗಡಿಯಲ್ಲಿ. "ತಗೊಳ್ಳಿ ಅಕ್ಕ, ಐಎಸ್‌ಐ ಮಾಲು" ಎಂದು ಅಂಗಡಿಯವನು ಐದು ಲೀಟರಿನ ಅಲ್ಯೂಮಿನಿಯಂ ಕುಕ್ಕರ್ ಕೈಗಿಟ್ಟ. ತಳದಲ್ಲಿ ಗುರುತು ಇತ್ತು, ನಿಜ. ಆದರೆ ಗುರುತಿನ ಮೇಲೂ ಕೆಳಗೂ ಖಾಲಿ.

ಗುಟ್ಟು ಇರುವುದೇ ಆ ಖಾಲಿ ಜಾಗದಲ್ಲಿ! ಅಸಲಿ ಐಎಸ್‌ಐ ಗುರುತು ಒಂಟಿಯಾಗಿ ಇರುವುದೇ ಇಲ್ಲ. ತಲೆಯ ಮೇಲೆ IS 2347 ಎಂದಿರಬೇಕು, ಅದು ಮನೆ ಬಳಕೆಯ ಪ್ರೆಷರ್ ಕುಕ್ಕರಿನ ಮಾನಕದ ಸಂಖ್ಯೆ. ಕಾಲಡಿಯಲ್ಲಿ CM/L ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಈ ಪರವಾನಗಿ ಕೊಡುವುದು ಬ್ರ್ಯಾಂಡಿಗಲ್ಲ, ಕುಕ್ಕರ್ ತಯಾರಾಗುವ ಆ ಒಂದು ಕಾರ್ಖಾನೆಗೆ. ಅಂದರೆ ನಿಮ್ಮ ಒಲೆಯ ಮೇಲೆ ಸೀಟಿ ಹೊಡೆಯುವ ಪಾತ್ರೆಯ ಹೊಟ್ಟೆಯಡಿ ಅದು ಹುಟ್ಟಿದ ಊರಿನ ವಿಳಾಸ ಅಡಗಿದೆ!

ಅದನ್ನು ಓದುವುದು ಹೀಗೆ. ಭಾರತೀಯ ಮಾನಕ ಬ್ಯೂರೋದ BIS Care ಎಂಬ ಆ್ಯಪ್‌ನಲ್ಲಿ ಪರವಾನಗಿ ಪರಿಶೀಲನೆಯ ಜಾಗಕ್ಕೆ ಹೋಗಿ CM/L ಸಂಖ್ಯೆ ಹಾಕಬೇಕು. ತಯಾರಕರ ಹೆಸರು, ವಿಳಾಸ, ಯಾವ ಬ್ರ್ಯಾಂಡಿಗೆ, ಯಾವ ಬಗೆಯ ಮಾಲಿಗೆ, ಪರವಾನಗಿ ಈಗ ಊರ್ಜಿತವೋ ಅಲ್ಲವೋ, ಎಲ್ಲವೂ ತೆರೆದುಕೊಳ್ಳುತ್ತವೆ. ಇಲ್ಲಿ ಅವಸರ ಬೇಡ. ಕುಕ್ಕರಿನ ಮೇಲೆ ಒಂದು ಹೆಸರು, ಆ್ಯಪ್‌ನಲ್ಲಿ ಇನ್ನೊಂದು ಹೆಸರು ಬಂದ ಮಾತ್ರಕ್ಕೆ ನಕಲಿ ಎನ್ನುವಂತಿಲ್ಲ; ಮಾಡುವವರು ಒಬ್ಬರು, ಮಾರುವವರು ಇನ್ನೊಬ್ಬರು ಇರುತ್ತಾರೆ. ಡಬ್ಬದ ಲೇಬಲ್ಲಿನಲ್ಲಿ ತಯಾರಕರು ಎಂದು ಯಾರ ವಿಳಾಸವಿದೆಯೋ ಅದನ್ನು ತಾಳೆ ನೋಡಿ. ಅದೂ ಹೊಂದದಿದ್ದರೆ, ಇಲ್ಲವೇ ಆ ಪರವಾನಗಿಯ ಪಟ್ಟಿಯಲ್ಲಿ ನಿಮ್ಮ ಬ್ರ್ಯಾಂಡೇ ಇಲ್ಲದಿದ್ದರೆ, ಯಾರದೋ ಅಸಲಿ ಸಂಖ್ಯೆಯನ್ನು ಕದ್ದು ಹೊಡೆದಿದ್ದಾರೆ ಎಂಬ ಅನುಮಾನಕ್ಕೆ ಬಲ ಬರುತ್ತದೆ.

ಅದೇ ಅಂಗಡಿಯಲ್ಲಿ ಪಕ್ಕದಲ್ಲೇ ಒಂದು ಬಾಣಲೆ. ಅದರ ಸ್ಟಿಕ್ಕರಿನಲ್ಲಿ IS 2347! ಬಾಣಲೆಗೆ ಕುಕ್ಕರಿನ ಸಂಖ್ಯೆ! ಸ್ಟೀಲ್ ಪಾತ್ರೆಯಾದರೆ IS 14756 ಇರಬೇಕು, ಅಲ್ಯೂಮಿನಿಯಂ ಪಾತ್ರೆಯಾದರೆ IS 1660. ಸ್ಟಿಕ್ಕರ್ ಅಚ್ಚು ಹಾಕಿಸಿದ ಪುಣ್ಯಾತ್ಮ ಒಂದೇ ವಿನ್ಯಾಸವನ್ನು ಕೈಗೆ ಸಿಕ್ಕ ಪಾತ್ರೆಗೆಲ್ಲ ಅಂಟಿಸಿಬಿಟ್ಟಿದ್ದ. ಕುಕ್ಕರಿನ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಐಎಸ್‌ಒ 9001 ಎಂದೂ ಇತ್ತು. ಅದು ಸಂಸ್ಥೆಯ ಕೆಲಸದ ಪದ್ಧತಿಗೆ ಸಿಗುವ ಪ್ರಮಾಣಪತ್ರ. ಕುಕ್ಕರ್ ಒತ್ತಡ ತಡೆಯುತ್ತದೋ ಇಲ್ಲವೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಬಾಣಲೆಯ ಹಿಡಿಯ ರಿವೆಟ್ ಬೇರೆಯದೇ ಕಥೆ ಹೇಳುತ್ತದೆ. ಒಳಗಡೆ ಬೆರಳಾಡಿಸಿ. ಸರಿಯಾಗಿ ಬಡಿದ ರಿವೆಟ್ಟಿನ ತಲೆ ಸುತ್ತಲೂ ಸಮನಾಗಿ ಕೂತಿರುತ್ತದೆ. ಒಂದು ಕಡೆ ಉಗುರು ನುಗ್ಗಿದರೆ, ತಲೆಯ ಅಂಚು ಸೀಳಿದ್ದರೆ, ಹಿಡಿ ಹಿಡಿದು ಅಲುಗಿಸಿದಾಗ ರಿವೆಟ್ಟೂ ಮಿಸುಕಿದರೆ ಕೆಲಸ ಕಳಪೆ ಎಂದರ್ಥ. ಇದರಿಂದ ಗುರುತು ಸುಳ್ಳೆಂದು ಸಾಬೀತಾಗುವುದಿಲ್ಲ, ಅನುಮಾನ ಗಟ್ಟಿಯಾಗುತ್ತದೆ, ಅಷ್ಟೇ. ತಳದ ನೆರಳೂ ಹಾಗೆಯೇ. ನಕಲಿ ಮಾಡುವವನೂ ಅಚ್ಚು ಕೆತ್ತಿಸಬಲ್ಲ. ಕೊನೆಯ ಮಾತು ಸಂಖ್ಯೆಯದ್ದೇ.

ಫೋಟೊ ನೋಡಿಯೇ ಕೊಳ್ಳುವವರಿಗೆ ಇನ್ನೊಂದು ಸೋಜಿಗವಿದೆ. ಓರೆಯಾಗಿ ತೆಗೆದ ಚಿತ್ರದಲ್ಲಿ ದುಂಡು ತಳ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಅದರ ಮೇಲಿನ ಅಕ್ಷರಗಳೂ ಜೊತೆಗೇ ವಾಲಬೇಕು. ತಳ ವಾಲಿಯೂ ಐಎಸ್‌ಐ ಮಾತ್ರ ನೆಟ್ಟಗೆ ನಿಂತಿದ್ದರೆ ಅದನ್ನು ಕಂಪ್ಯೂಟರಿನಲ್ಲಿ ಅಂಟಿಸಿದ್ದಾರೆ! ಅಂಥ ಕಡೆ ತಳದ ಹೊಸ ಫೋಟೊ ಕೇಳಿ, ಅಡ್ಡ ಬೆಳಕಿನಲ್ಲಿ, ಸಂಖ್ಯೆ ಓದುವಷ್ಟು ಹತ್ತಿರದಿಂದ.

ಆನ್‌ಲೈನ್ ಎಂದರೆ ತಪಾಸಣೆ ಆಗಿಯೇ ಬಂದಿರುತ್ತದೆ ಎಂದುಕೊಂಡವರು 2022ರ ಪ್ರಕರಣ ನೋಡಬೇಕು. 2021ರ ಫೆಬ್ರವರಿ 1ರಿಂದ ಕುಕ್ಕರಿಗೆ ಐಎಸ್‌ಐ ಕಡ್ಡಾಯ. ಆಮೇಲೂ ಆ ಮಾನಕಕ್ಕೆ ಹೊಂದದ 2,265 ಕುಕ್ಕರ್‌ಗಳು ಅಮೆಜಾನ್ ಮೂಲಕ, 598 ಫ್ಲಿಪ್‌ಕಾರ್ಟ್ ಮೂಲಕ ಮಾರಾಟವಾಗಿದ್ದವು. ಅವನ್ನು ಹಿಂಪಡೆದು ಹಣ ಮರಳಿಸುವಂತೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆದೇಶಿಸಿ, ತಲಾ ಒಂದು ಲಕ್ಷ ರೂಪಾಯಿ ದಂಡ ಹಾಕಿತು.

ಸುಳ್ಳು ಗುರುತು ಹೊಡೆದವರಿಗೆ 2016ರ ಮಾನಕ ಬ್ಯೂರೋ ಕಾಯ್ದೆಯಲ್ಲಿ ಎರಡು ವರ್ಷದವರೆಗೆ ಜೈಲು ಇಲ್ಲವೇ ಕನಿಷ್ಠ ಎರಡು ಲಕ್ಷ ರೂಪಾಯಿ ದಂಡ ಇದೆ. ದೂರನ್ನು BIS Care ಆ್ಯಪ್‌ನಲ್ಲೇ ಕೊಡಬಹುದು. ತಳದ ಮುದ್ರೆ, ಲೇಬಲ್ಲು, ಅಂಗಡಿಯ ಬಿಲ್ಲು, ಮೂರರ ಫೋಟೊ ಇಟ್ಟುಕೊಂಡಿರಿ. ಗುಡಿ ದಾರಿಯ ಅಂಗಡಿಯಲ್ಲಿ ಬಿಲ್ಲು ಎಲ್ಲಿಂದ ಬರಬೇಕು ಎನ್ನುತ್ತೀರಾ? ನಾನು ಕೇಳಿದೆ. ಅಂಗಡಿಯವನು ಕುಕ್ಕರನ್ನು ನನ್ನ ಕೈಯಿಂದ ತಗೊಂಡು, ಬೆಂಚಿನ ಕೆಳಗಿನಿಂದ ಇನ್ನೊಂದನ್ನು ತೆಗೆದ. ಅದರ ಬೆಲೆ ಜಾಸ್ತಿಯಿತ್ತು, ತಳದಲ್ಲಿ CM/L ಕೂಡ ಇತ್ತು.